ಬೋರಮಾಳ ಇಲ್ಲದ ಪಟ್ಟಿ

ನಮ್ಮ ಮನೆಯ ಚಿನ್ನವೆಲ್ಲ ಶಿರಸಿಯ ಒಂದು ಬ್ಯಾಂಕಿನ ಲಾಕರಿನಲ್ಲಿತ್ತು. ಲಾಕರು ಅತ್ತೆಯ ಮತ್ತು ನನ್ನ ಹೆಸರಿನಲ್ಲಿ ಜಂಟಿಯಾಗಿತ್ತು. ಇಬ್ಬರಲ್ಲಿ ಯಾರು ಬೇಕಾದರೂ ಹೋಗಿ ತೆಗೆಯಬಹುದು ಎಂದು ಬರೆಸಿದ್ದೆವು. ಬಹಳ ವರ್ಷ ಕೀಲಿ ಅತ್ತೆಯ ಸೊಂಟದ ಚೀಲದಲ್ಲೇ ಇತ್ತು. ಒಂದು ದಿನ ಅವರು ನನ್ನನ್ನು ಅಡುಗೆಮನೆಯಿಂದ ಕರೆದು ಕೀಲಿಯನ್ನು ಅಂಗೈಯಲ್ಲಿಟ್ಟು, ಇನ್ನು ಮೇಲೆ ನೀನೇ ನೋಡಿಕೋ, ಬ್ಯಾಂಕಿನ ಮೆಟ್ಟಿಲು ಹತ್ತಲು ನನ್ನಿಂದಾಗುವುದಿಲ್ಲ ಎಂದರು. ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷಕ್ಕೆ ಆ ಮನೆಯಲ್ಲಿ ನನಗೊಂದು ಸ್ಥಾನ ಸಿಕ್ಕಿತೆಂದು ಅವತ್ತು ಹಿಗ್ಗಿದ್ದೆ.

ಲಾಕರಿನೊಳಗೆ ನನ್ನ ಒಡವೆ ಒಂದು ಡಬ್ಬಿಯಲ್ಲಿದ್ದವು, ಅತ್ತೆಯವು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟಿನಲ್ಲಿದ್ದವು. ಆ ಗಂಟನ್ನು ನಾನು ಒಮ್ಮೆಯೂ ಬಿಚ್ಚಲಿಲ್ಲ. ಅವರೇ ಕಟ್ಟಿದ್ದು, ಅವರೇ ಬಿಚ್ಚಲಿ ಎಂಬುದು ನನ್ನ ಮರ್ಯಾದೆ. ಅದರಲ್ಲಿ ಏನೇನಿದೆ ಎಂದು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಮನೆಯವರ ಮೇಲೆ ಮನೆಯವರು ಪಟ್ಟಿ ಬರೆಯುವುದು ಅಪನಂಬಿಕೆಯ ಕೆಲಸ ಎಂದು ನಾವೆಲ್ಲ ತಿಳಿದಿದ್ದೆವು.

ಅತ್ತೆ ತೀರಿಕೊಂಡ ಮೇಲೆ ಮರಣದ ದಾಖಲೆ ಹಿಡಿದು ಬ್ಯಾಂಕಿಗೆ ಹೋದೆ. ಹಾಗೇ ತೆಗೆದುಕೊಂಡು ಹೋಗುವಂತಿಲ್ಲ, ಇಬ್ಬರು ಸಾಕ್ಷಿಗಳ ಎದುರಿಗೆ ಒಳಗಿರುವುದನ್ನೆಲ್ಲ ಪಟ್ಟಿ ಮಾಡಬೇಕು ಎಂದರು. ನಮ್ಮ ಬಟ್ಟೆ ಅಂಗಡಿಯ ಪಕ್ಕದವರಿಬ್ಬರು ಸಾಕ್ಷಿಗೆ ಬಂದರು. ಯಲ್ಲಾಪುರಕ್ಕೆ ಕೊಟ್ಟಿದ್ದ ನನ್ನ ನಾದಿನಿ, ನನ್ನ ಗಂಡನ ಅಕ್ಕ, ಅವರೂ ಬಂದು ಹೊರಗಿನ ಬೆಂಚಿನ ಮೇಲೆ ಕೂತರು. ಅಧಿಕಾರಿ ತಮ್ಮ ಕೀಲಿ ತಿರುಗಿಸಿದರು, ನಾನು ನನ್ನದನ್ನು ತಿರುಗಿಸಿದೆ. ಗಂಟು ಬಿಚ್ಚಿದರು. 'ಹಳದಿ ಲೋಹದ ಬಳೆ, ನಾಲ್ಕು. ಹಳದಿ ಲೋಹದ ಸರ, ಒಂದು' ಎಂದು ಬರೆಯುತ್ತ ಹೋದರು. ಅದು ಚಿನ್ನವೋ ಅಲ್ಲವೋ ಎಂದು ಹೇಳುವ ಹೊಣೆ ಬ್ಯಾಂಕು ಹೊರುವುದಿಲ್ಲವಂತೆ. ಎಲ್ಲರೂ ಸಹಿ ಹಾಕಿದೆವು. ಹೊರಗೆ ಬಂದು ಪ್ರತಿಯನ್ನು ನಾದಿನಿಯ ಕೈಗೆ ಕೊಟ್ಟೆ.

ಅವರು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಬೋರಮಾಳ ಎಲ್ಲೈತಿ ತಂಗಿ?"

ಬೋರಮಾಳವೆಂದರೆ ಬೋರೆ ಹಣ್ಣಿನಂಥ ಚಿನ್ನದ ಗುಂಡುಗಳ ಸರ. ಅತ್ತೆಗೆ ಅವರ ತಾಯಿ ಹಾಕಿದ್ದು. ನಾದಿನಿಯ ಮಗಳ ಮದುವೆಗೆಂದು ಅತ್ತೆ ಬಾಯಿಮಾತಿನಲ್ಲಿ ಕೊಟ್ಟಾಗಿತ್ತು. ಪಟ್ಟಿಯಲ್ಲಿ ಅದು ಇರಲಿಲ್ಲ. ಮತ್ತೆ ಒಳಗೆ ಹೋಗಿ ಖಾಲಿ ಲಾಕರಿನ ಮೂಲೆಗೆಲ್ಲ ಕೈ ಆಡಿಸಿದೆ. ತಣ್ಣನೆಯ ತಗಡು ಬಿಟ್ಟರೆ ಏನೂ ಸಿಗಲಿಲ್ಲ. ಮನೆಗೆ ಬಂದು ಗೋಡೆಗೆ ಕೂರಿಸಿದ ತಿಜೋರಿ, ಅತ್ತೆಯ ಟ್ರಂಕು, ಹಾಸಿಗೆಯ ಹತ್ತಿಯನ್ನು ಕೂಡ ನೋಡಿದೆವು. ಇಲ್ಲ.

ಅವತ್ತಿನಿಂದ ನಾನು ಸಿಕ್ಕಿಬಿದ್ದೆ. ಕೀಲಿ ಐದು ವರ್ಷ ನನ್ನ ಹತ್ತಿರವೇ ಇತ್ತು. ಗಂಟು ಬಿಚ್ಚಿಲ್ಲ ಎಂದರೆ ಯಾರು ನಂಬಿಯಾರು? ನಾದಿನಿ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಜಗಳವಾದರೂ ಮಾಡಬಹುದಿತ್ತು. ಅವರು ಫೋನು ಮಾಡಿದಾಗ ತಮ್ಮನಿಗೇ ಕೊಡು ಎನ್ನುತ್ತಿದ್ದರು, ಅಷ್ಟೇ. ಬನವಾಸಿ ಕಡೆಯ ನೆಂಟರ ಮನೆಗೆ ಹೋದರೆ ಹೆಂಗಸರ ಕಣ್ಣು ಮೊದಲು ನನ್ನ ಕುತ್ತಿಗೆಗೆ ಬರುತ್ತಿತ್ತು. ತವರಿನವರು ಹಾಕಿದ್ದ ಸರವನ್ನು ಕೂಡ ನಾನು ಹಾಕಿಕೊಳ್ಳುವುದನ್ನು ಬಿಟ್ಟೆ. ಕರಗಿಸಿ ಮಾಡಿಸಿದ್ದಾಳೆ ಎಂದು ಯಾರಾದರೂ ಅಂದುಕೊಂಡರೆ? ಮೈಮೇಲೆ ಕರಿಮಣಿ, ಎರಡು ಬಳೆ, ಅಷ್ಟೇ. ಹಾಕಿಕೊಳ್ಳದೆ ಹೋದರೂ ಬಚ್ಚಿಟ್ಟಿದ್ದಾಳೆ ಅನ್ನಿಸುತ್ತಿತ್ತೇನೋ.

ಕೀಲಿಯನ್ನು ಅಕ್ಕನಿಗೇ ಕೊಟ್ಟುಬಿಡು, ನಿನಗ್ಯಾಕೆ ಈ ತಾಪತ್ರಯ ಎಂದು ಗಂಡ ಹೇಳಿದರು. ನಾನು ಆಗುವುದಿಲ್ಲ ಎಂದೆ. ಕೊಟ್ಟರೆ ಒಪ್ಪಿಕೊಂಡ ಹಾಗೆ, ಇಟ್ಟುಕೊಂಡರೆ ಕದ್ದ ಹಾಗೆ. ಗಂಡ ನನ್ನನ್ನು ನಂಬಿದ್ದರು ಎಂದೇ ಅಂದುಕೊಂಡಿದ್ದೇನೆ. ಆದರೆ ಒಂದು ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದವರು ಎಲೆಯ ಮೇಲೆ ಕೈಯಿಟ್ಟುಕೊಂಡೇ, ನಿನ್ನ ತವರಿನ ತಮ್ಮನಿಗೇನಾದರೂ ದುಡ್ಡಿನ ತೊಂದರೆ ಬಂದಿತ್ತಾ, ನನಗೆ ಹೇಳಬಹುದಿತ್ತಲ್ಲ ಎಂದರು. ನಾನು ಅನ್ನ ಬಡಿಸಿದೆ. ಅವರು ಮತ್ತೆ ಕೇಳಲಿಲ್ಲ.

ಹೀಗೇ ಎರಡು ವರ್ಷ ಹೋಯಿತು. ಲಾಕರಿನ ಒಪ್ಪಂದ ಹೊಸದಾಗಿ ಮಾಡಬೇಕು, ಛಾಪಾ ಕಾಗದದ ಮೇಲೆ ಸಹಿ ಬೇಕು ಎಂದು ಬ್ಯಾಂಕಿನಿಂದ ಕರೆ ಬಂತು. ಹೋದೆ. ಆಗ ಅಲ್ಲಿದ್ದವರು ಕುಮಟೆ ಕಡೆಯಿಂದ ವರ್ಗವಾಗಿ ಬಂದಿದ್ದ ಅಧಿಕಾರಿ, ನನ್ನ ವಯಸ್ಸಿನ ಹೆಂಗಸು. ಒಪ್ಪಂದವನ್ನು ಓದಿ ಹೇಳುತ್ತ, ಒಳಗೆ ಏನಿದೆ ಎಂದು ನಮಗೆ ಗೊತ್ತಿರುವುದಿಲ್ಲ, ಅದನ್ನು ನೀವೇ ಬರೆದಿಟ್ಟುಕೊಳ್ಳಬೇಕು ಎಂದರು. ಈಗ ಲಾಕರು ತೆಗೆದ ದಿನವೇ ಮೊಬೈಲಿಗೆ ಸಂದೇಶ ಬರುತ್ತದೆ, ಮೊದಲು ರಿಜಿಸ್ಟರಿನಲ್ಲಿ ಸಹಿ ಮತ್ತು ವೇಳೆ ಮಾತ್ರ ಬರೆಸುತ್ತಿದ್ದೆವು ಎಂದೂ ಹೇಳಿದರು.

ಆ ರಿಜಿಸ್ಟರಿನಲ್ಲಿ ನಾನು ನೂರು ಸಲ ಸಹಿ ಹಾಕಿರಬಹುದು. ಅದನ್ನು ಹಿಂದಕ್ಕೆ ತಿರುಗಿಸಿ ನೋಡಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ. ನಮ್ಮ ಲಾಕರು ಯಾವಾಗ ಯಾವಾಗ ತೆಗೆದದ್ದು ಎಂದು ನೋಡಬೇಕಿತ್ತು ಅಂದೆ. ಅವರು ನನ್ನ ಮುಖ ನೋಡಿದರು.

"ನಿಮ್ಮ ಲಾಕರಿನದ್ದು ನೀವು ನೋಡಲಿಕ್ಕೆ ಅಡ್ಡಿ ಇಲ್ಲ. ಒಂದು ಅರ್ಜಿ ಬರೆದುಕೊಡಿ, ಹಳೆಯದು ಹುಡುಕಿಸ್ತೇನೆ" ಎಂದರು.

ನಾಲ್ಕು ದಿನ ಬಿಟ್ಟು ಕರೆದು ನಮ್ಮ ನಂಬರಿನ ಎದುರಿನ ಸಾಲುಗಳನ್ನು ತೋರಿಸಿದರು. ಅತ್ತೆ ಕೀಲಿ ಕೊಟ್ಟಾಗಿನಿಂದ ಎಲ್ಲವೂ ನನ್ನ ಸಹಿ. ಅದಕ್ಕಿಂತ ಸ್ವಲ್ಪ ಮುಂಚೆ ಅತ್ತೆಯ ಬಾಗಿದ ಅಕ್ಷರದ ಸಹಿ ಎರಡು ಕಡೆ ಇತ್ತು, ಮಧ್ಯೆ ಮೂರು ದಿನಗಳ ಅಂತರ. ಎರಡು ಸಲವೂ ಒಬ್ಬರೇ ಹೋಗಿದ್ದರು. ತಾರೀಕು ನೋಡಿದಾಗ ನೆನಪಾಯಿತು. ನಾದಿನಿಯ ಮೈದುನನ ಮದುವೆ, ಯಲ್ಲಾಪುರದ ಕಲ್ಯಾಣಮಂಟಪದಲ್ಲಿ. ನನ್ನ ಮಗಳಿಗೆ ಪರೀಕ್ಷೆ ಇತ್ತೆಂದು ನಾನು ಹೋಗಿರಲಿಲ್ಲ. ಅತ್ತೆ ಹೋಗಿ ಬಂದು ಒಂದು ವಾರಕ್ಕೆ ನನಗೆ ಕೀಲಿ ಕೊಟ್ಟಿದ್ದರು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಯಲ್ಲಾಪುರಕ್ಕೆ ಹೋದೆ. ಹೇಳದೆ ಕೇಳದೆ ಬಂದದ್ದಕ್ಕೆ ನಾದಿನಿ ಬಾಗಿಲಲ್ಲೇ ನಿಂತರು. ಮೈದುನನ ಮದುವೆಯ ಆಲ್ಬಮ್ ತೋರಿಸಿ ಎಂದೆ. ತಂದು ಚಾಪೆಯ ಮೇಲಿಟ್ಟು ಎದುರಿಗೆ ಕೂತರು.

ಬೆಳಗಿನ ಫೋಟೋಗಳಲ್ಲಿ ಅತ್ತೆ ನೇರಳೆ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಇದ್ದರು. ಎದೆಯ ಮೇಲೆ ಬೋರಮಾಳ, ಒಂದೊಂದು ಗುಂಡೂ ಎಣಿಸುವಷ್ಟು ಸ್ಪಷ್ಟ. ಆಮೇಲೆ ಅಕ್ಕಿಕಾಳಿನ, ಅಂದರೆ ಅಕ್ಷತೆ ಹಾಕುವ, ಹೊತ್ತು. ಎಲ್ಲರೂ ವೇದಿಕೆಗೆ ನುಗ್ಗಿದ್ದಾರೆ, ಕೈಗಳೆಲ್ಲ ಮೇಲೆ, ಆ ಗದ್ದಲದ ನಡುವೆ ಅತ್ತೆಯ ತಲೆ ಮಾತ್ರ ಕಾಣುತ್ತದೆ. ಪುಟ ತಿರುವಿದೆ. ಊಟದ ಸಾಲು. ಅತ್ತೆ ಸೆರಗನ್ನು ಎರಡೂ ಹೆಗಲ ಮೇಲೆ ಬಿಗಿಯಾಗಿ ಹೊದ್ದು ಕೂತಿದ್ದಾರೆ. ಇನ್ನೊಂದರಲ್ಲಿ ಸೆರಗು ಸರಿದಿದೆ. ಕತ್ತಿನಲ್ಲಿ ಬೋರಮಾಳ ಇಲ್ಲ. ಎಲೆಯ ಮೇಲಿನ ಹೋಳಿಗೆ ಮುಟ್ಟಿಲ್ಲ.

ನಾದಿನಿ ಆ ಎರಡು ಪುಟಗಳನ್ನು ಹಿಂದೆ ಮುಂದೆ ತಿರುವಿದರು. ಆಲ್ಬಮ್ ಮುಚ್ಚಿ ಹೇಳಿದರು.

"ಅವತ್ತು ಅವ್ವ ಕ್ವಾಣ್ಯಾಗ ಒಬ್ಬಾಕಿನ ಕುಂತು ಅಳಾಕ ಹತ್ತಿದ್ಲು. ಕೇಳಿದ್ರ ತಲಿನೋವು ಅಂದ್ಲು. ನಾ ಗುಳಿಗಿ ಕೊಟ್ಟು ಬಂದ್ನಿ."

ಕೊಂಡಿ ಕಳಚಿ ಬಿತ್ತೋ, ನೂಕುನುಗ್ಗಲಿನಲ್ಲಿ ಯಾರಾದರೂ ಕತ್ತರಿಸಿದರೋ ಗೊತ್ತಿಲ್ಲ. ಬೀಗರ ಮನೆಯ ಮದುವೆಯಲ್ಲಿ ಕಳ್ಳತನದ ಗುಲ್ಲೆಬ್ಬಿಸಿದರೆ ಮಗಳಿಗೆ ಕಷ್ಟ ಎಂದು ಅತ್ತೆ ಬಾಯಿ ಮುಚ್ಚಿಕೊಂಡಿರಬೇಕು. ಬೀಗರ ಮರ್ಯಾದೆ ಉಳಿಯಿತು. ಉಳಿದದ್ದನ್ನು ಗಂಟು ಕಟ್ಟಿ ಲಾಕರಿಗಿಟ್ಟು, ಕೀಲಿಯನ್ನು ನನಗೆ ಕೊಟ್ಟರು. ಒಂದು ದಿನ ಆ ಗಂಟು ಬಿಚ್ಚಲೇಬೇಕಾಗುತ್ತದೆ, ಆಗ ಯಾರ ಮುಖ ನೋಡುತ್ತಾರೆ ಎಂದು ಅತ್ತೆ ಯೋಚಿಸಿರಲಿಲ್ಲವೇ? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಸಿಟ್ಟು ಬರುತ್ತದೆ. ಐದು ವರ್ಷ ಅದನ್ನು ಒಬ್ಬರೇ ನುಂಗಿಕೊಂಡು ನನ್ನ ಕೈಯ ರೊಟ್ಟಿ ತಿಂದರಲ್ಲ ಎಂದು ನೆನೆದರೆ ಸಿಟ್ಟು ಪೂರ್ತಿ ಉಳಿಯುವುದೂ ಇಲ್ಲ.

ನಾದಿನಿಯ ಗಂಡ ಪೊಲೀಸ್ ಠಾಣೆಗೆ ಹೋಗಿ ವಿಚಾರಿಸಿದರು. ರಸೀದಿ ಇದೆಯೇ, ತೂಕ ಎಷ್ಟು, ಗುರುತೇನು ಎಂದು ಕೇಳಿದರಂತೆ. ನಮ್ಮ ಹತ್ತಿರ ಇದ್ದದ್ದು ಆ ಫೋಟೋ ಒಂದೇ. ಅವತ್ತೇ ಬಂದಿದ್ದರೆ ಮಂಟಪದಲ್ಲಿ ಏನಾದರೂ ಹುಡುಕಬಹುದಿತ್ತು, ಇಷ್ಟು ವರ್ಷದ ಮೇಲೆ ಸಿಗುವುದು ಕಷ್ಟ ಎಂದು ಕಳಿಸಿದರು.

ನಾದಿನಿ ತಪ್ಪಾಯಿತು ಎನ್ನಲಿಲ್ಲ. ನಾನೂ ನಿರೀಕ್ಷಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಶಿರಸಿಗೆ ಬಂದ ದಿನ, ಎಲ್ಲ ನನ್ನೊಬ್ಬಳ ಕೈಯಲ್ಲೇ ಬೇಡ, ನಿಮ್ಮ ಹೆಸರೂ ಲಾಕರಿಗೆ ಸೇರಿಸುತ್ತೇನೆ ಎಂದೆ. ಅವರು ತಲೆಯಾಡಿಸಿ ಬಂದು ಸಹಿ ಹಾಕಿದರು. ಆಮೇಲೆ ಇಬ್ಬರೂ ಒಡವೆ ಮಾಡುವ ಪತ್ತಾರರ ಹತ್ತಿರ ಕೂತು ಒಂದೊಂದನ್ನೂ ತೂಗಿಸಿದೆವು. ಬಿಳಿ ಪಂಚೆಯ ಮೇಲಿಟ್ಟು ಹಿಂದೆ ಮುಂದೆ ಫೋಟೋ ತೆಗೆದೆವು. ಕೊಂಡಿಯ ಆಕಾರ, ಸೀಳಿದ ಹರಳು, ಹೊಸ ಒಡವೆಯ ಮೇಲಿನ ಹಾಲ್‌ಮಾರ್ಕ್ ಸಂಖ್ಯೆ, ಯಾವುದು ಯಾರದ್ದು, ಎಲ್ಲ ಬರೆದೆವು. ಒಂದು ಪ್ರತಿ ಅವರಿಗೆ, ಒಂದು ನನಗೆ, ಒಂದು ಲಾಕರಿಗೆ. ಮನೆಯ ತಿಜೋರಿಯಲ್ಲಿ ದಿನ ಹಾಕುವುದಷ್ಟೇ ಉಳಿಯಿತು. ಬ್ಯಾಂಕಿನ ಕೀಲಿಗೆ ಲಾಕರಿನ ನಂಬರಿನ ಚೀಟಿ ಕಟ್ಟಿದ್ದೆ, ಕೀಲಿ ಯಾರ ಕೈಗಾದರೂ ಸಿಕ್ಕರೆ ಕಷ್ಟವೆಂದು ಅದನ್ನು ಅಂದೇ ಹರಿದು ಹಾಕಿದೆ.

ಹೋದ ವರ್ಷ ನಾದಿನಿಯ ಮಗಳ ಮದುವೆಯಾಯಿತು. ಎಲ್ಲರೂ ಒಡವೆಯ ಚೀಲವನ್ನು ನನಗೇ ಒಪ್ಪಿಸಿದರು. ಮಂಟಪದ ಹಿಂದಿನ ಕೋಣೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಬೆಳಗಿನಿಂದ ಕೂತೆ. ಕಿಟಕಿಗೆ ಕಬ್ಬಿಣದ ಜಾಲರಿ, ಅದರಾಚೆ ಪಾತ್ರೆ ತೊಳೆಯುವ ಕಟ್ಟೆ. ಮದುಮಗಳಿಗೆ ಹಾಕಿದ ಸರಗಳನ್ನು ಒಳಗಡೆಯಿಂದ ರವಿಕೆಗೆ ಪಿನ್ನು ಚುಚ್ಚಿ ಕಳಿಸಿದ್ದೆ. ಕೊಟ್ಟದ್ದನ್ನು, ವಾಪಸು ಬಂದದ್ದನ್ನು ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ವಾದ್ಯ ಜೋರಾದಾಗ ಅಕ್ಕಿಕಾಳು ಬಿತ್ತೆಂದು ತಿಳಿಯಿತು. ನೋಡಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಹೆಂಗಸಿನ ಧ್ವನಿ.

"ಬಾಗಿಲ ತಗೀರಿ ಅಕ್ಕಾರ. ಫೋಟೋಕ್ಕ ಪಾಟ್ಲಿ ಬಳಿ ಬೇಕಂತ, ನಿಮ್ಮ ನಾದಿನಿ ಕಳಿಸ್ಯಾರ."

ನಾನು ತೆಗೆಯದೆ ನಾದಿನಿಗೆ ಫೋನು ಮಾಡಿದೆ. ತಾವು ಯಾರನ್ನೂ ಕಳಿಸಿಲ್ಲ ಎಂದರು. ಅವರೇ ಓಡಿ ಬರುವಷ್ಟರಲ್ಲಿ ಹೊರಗೆ ಯಾರೂ ಇರಲಿಲ್ಲ. ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ನೆಂಟರಲ್ಲೇ ಯಾರೋ ತಪ್ಪು ತಿಳಿದು ಬಂದಿದ್ದರೂ ಬಂದಿರಬಹುದು.

ನಾದಿನಿ ಒಳಗೆ ಬಂದು ಚಿಲಕ ಹಾಕಿದರು. ನನ್ನ ಮಡಿಲಿನಿಂದ ಚೀಲ ತೆಗೆದು ತಮ್ಮ ಮಡಿಲಿಗಿಟ್ಟುಕೊಂಡು, ನೀನು ಹೋಗಿ ಉಂಡು ಬಾ ಎಂದರು. ಪಟ್ಟಿ ತೋರಿಸಿ ಎಣಿಸಿಕೊಳ್ಳಿ ಎಂದೆ. ಅವರು ಎಣಿಸಲಿಲ್ಲ.

"ಎಣಸ್ರಿ ಅಕ್ಕಾರ. ನೀವು ಎಣಸೂತನಕ ನಾ ಏಳಂಗಿಲ್ಲ" ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಚೀಲ ಬಿಚ್ಚಿ ಒಂದೊಂದಾಗಿ ಹೊರಗಿಟ್ಟು ಎಣಿಸತೊಡಗಿದರು. ನಾನು ಓದುತ್ತ ಹೋದೆ. ಎಲ್ಲ ಮುಗಿದು ಅವರು ಸಹಿ ಹಾಕಿದ ಮೇಲೆ ಎದ್ದೆ. ಬೆಳಗಿನಿಂದ ಕೂತು ಕಾಲು ಮರಗಟ್ಟಿತ್ತು, ಗೋಡೆ ಹಿಡಿದುಕೊಂಡು ಊಟದ ಮನೆಗೆ ನಡೆದೆ. ಕೊನೆಯ ಪಂಕ್ತಿ ಕೂತಿತ್ತು.