ಏಳು ಚುಕ್ಕೆಯ ಸಮಜಾಯಿಷಿ

ಮನುಷ್ಯನ ಹಣೆಬರಹವನ್ನು ದೇವರು ಬರೆಯುತ್ತಾನೆ, ಅದರ ಶುದ್ಧಪ್ರತಿ ಮಾತ್ರ ಸರ್ಕಾರಿ ಕಚೇರಿಯಲ್ಲಿ ತಯಾರಾಗುತ್ತದೆ. ಈ ಮಾತನ್ನು ನಾನು ಜೇವರ್ಗಿಯಲ್ಲಿ ಮೂವತ್ತು ವರ್ಷ ಮೇಜಿನ ಹಿಂದೆ ಕೂತು ಬಹಳ ಗಂಭೀರವಾಗಿ ಹೇಳುತ್ತಿದ್ದೆ. ಆ ಅವಧಿಯಲ್ಲಿ ನಾನು ಸಿದ್ಧಪಡಿಸಿದ ಶುದ್ಧಪ್ರತಿಗಳಲ್ಲಿ ಹೆಚ್ಚಿನವು ಗಾಳಿಗೆ ಬಡಿದುಕೊಳ್ಳುವ ಕಿಟಕಿಯ ಸಂದಿಗೆ ತುರುಕಲು ಉಪಯೋಗವಾದವು.

ನಿವೃತ್ತಿಯಾಗಿ ಆಳಂದಕ್ಕೆ ಬಂದ ಮೇಲೂ ನನ್ನ ಕೀರ್ತಿ ನನ್ನನ್ನು ಬಿಡಲಿಲ್ಲ. ನೋಟಿಸ್ ಬಂದವರೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಹಾಗೆ ಬಂದವಳು ನಮ್ಮ ಓಣಿಯ ಮಗಳು. ಅಫಜಲಪುರ ತಾಲೂಕಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ನರ್ಸ್. ಲಸಿಕೆಗಳನ್ನು ತಣ್ಣಗಿಡುವ ಪೆಟ್ಟಿಗೆ ಅವಳ ಜವಾಬ್ದಾರಿ. ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಅಷ್ಟರಲ್ಲಿ ನೋಟಿಸ್: ಲಸಿಕೆ ನಿರ್ವಹಣೆಯಲ್ಲಿ ಈ ಕೆಳಗಿನ ನಾಲ್ಕು ಲೋಪಗಳಾಗಿವೆ, ನಿಮ್ಮನ್ನು ಯಾಕೆ ಕೈಬಿಡಬಾರದು, ಏಳು ದಿನದೊಳಗೆ ಅಂಶವಾರು ಸಮಜಾಯಿಷಿ ಕೊಡತಕ್ಕದ್ದು.

‘ಅಂಶವಾರು’ ಎಂಬ ಪದ ಕಂಡದ್ದೇ ನನ್ನ ಕೈ ಚುರುಕಾಯಿತು. ಆಕೆ ಏನೋ ಹೇಳಲು ಬಾಯಿ ತೆರೆದಳು.

“ನೀ ಸುಮ್ ಕೂಡವ್ವ. ಏನೇನಾತು ಅಷ್ಟ ಹೇಳು, ಕಥಿ ಬ್ಯಾಡ,” ಎಂದೆ.

ಅವಳು ಹೇಳಿದ್ದನ್ನೆಲ್ಲ ಏಳು ಚುಕ್ಕೆಗಳ ಮುಂದೆ ಇಳಿಸಿದೆ. ಬೆಳಿಗ್ಗೆ ಆರಕ್ಕೆ ಕರೆಂಟ್ ಹೋಯಿತು. ಸಂಜೆ ನಾಲ್ಕರವರೆಗೆ ಪೆಟ್ಟಿಗೆ ತೆರೆಯಲಿಲ್ಲ. ನಾಲ್ಕಕ್ಕೆ ತೆರೆದೆ. ಲಸಿಕೆ ಹೊರಡುವುದು ಮತ್ತೆ ಅರ್ಧ ತಾಸು ತಡವಾಯಿತು. ಮೇಲಧಿಕಾರಿಗಳ ಅನುಮತಿ ಪಡೆಯಲಿಲ್ಲ. ಹಾಲಿನ ಟೆಂಪೋದಲ್ಲಿ ತಾಲೂಕು ಆಸ್ಪತ್ರೆಗೆ ಒಯ್ದೆ. ಮರುದಿನ ಲಸಿಕೆ ಹಾಕಲಿಲ್ಲ. ಒಂದೊಂದು ಸಾಲೂ ಹಲ್ಲು ಉಜ್ಜಿದಂತೆ ಸ್ವಚ್ಛವಾಗಿತ್ತು.

ಇಷ್ಟು ಆಧುನಿಕನಾದ ಮೇಲೆ ಹಳೆಯ ವೈಭವಕ್ಕೂ ಒಂದಿಷ್ಟು ಜಾಗ ಬೇಕಲ್ಲ. ಸಾಗಿಸಿದ ಲಸಿಕೆಗಳ ಹೆಸರು, ಬಾಟಲಿಗಳ ಸಂಖ್ಯೆ, ಬ್ಯಾಚ್ ನಂಬರು, ಎಲ್ಲವನ್ನೂ ‘ಸದರಿ’, ‘ಹಾಗೂ’, ‘ಅಲ್ಲದೆ’ಗಳಿಂದ ಪೋಣಿಸಿ ಒಂದೇ ವಾಕ್ಯ ಮಾಡಿದೆ. ವಾಕ್ಯ ಪುಟದ ಅರ್ಧಕ್ಕೆ ಬಂತು. ಅದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ನನ್ನ ಹೆಂಡತಿ ಅಡುಗೆಮನೆಯಿಂದ, “ಉಸುರು ಹಿಡೀತದ, ನೀರ್ ಕುಡೀರಿ,” ಎಂದಳು.

ಉತ್ತರ ಕೊಟ್ಟ ಮೂರು ದಿನದ ಮೇಲೆ, ನೋಟಿಸ್ ಕಳಿಸಿದ ತಾಲೂಕು ಆರೋಗ್ಯ ಕಚೇರಿಯ ಗುಮಾಸ್ತ ಫೋನ್ ಮಾಡಿದ. ಹಿಂದೆ ನನ್ನ ಕೈಕೆಳಗೆ ಕೆಲಸ ಮಾಡಿದವನು.

“ಸರ್, ಇದು ನಿಮ್ಮ ಡ್ರಾಫ್ಟೇನ್ರಿ?”

“ಹೌದಪ್ಪ. ಹ್ಯಾಂಗದ?”

“ಸಾಹೇಬ್ರು ಓದ್ಯಾರ್ರಿ. ಒಂದೊಂದು ಚುಕ್ಕಿ ಮುಂದ ಕೆಂಪು ಪೆನ್ನಿಲೆ ‘ಒಪ್ಪಿಕೊಂಡಿದ್ದಾರೆ’ ಅಂತ ಬರದಾರ. ಏಳಕ್ಕ ಏಳು. ಕೆಳಗ ಬಾಟಲಿ ಲೆಕ್ಕ ತಿಳಿವಲ್ದು, ಕಡಿಮಿ ಬಿದ್ದಾವೇನು ಅಂತ ಬ್ಯಾರೆ ಕೇಳ್ಯಾರ. ನಾ ಎರಡು ಸಲ ಎಣಿಸಿದ್ನಿರಿ. ಒಮ್ಮೆ ಒಂದ್ ಲೆಕ್ಕ ಬಂತು, ಇನ್ನೊಮ್ಮೆ ಬ್ಯಾರೆ ಬಂತು.”

ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ನನ್ನ ಇಡೀ ನೌಕರಿಯಲ್ಲಿ ಯಾರ ಕೆಲಸವನ್ನೂ ನಾನು ಕಳೆದಿರಲಿಲ್ಲ. ಆ ಸಾಧನೆ ನಿವೃತ್ತಿಯ ನಂತರ, ಪುಕ್ಕಟೆಯಾಗಿ ಕೈಗೂಡುವಂತೆ ಕಾಣುತ್ತಿತ್ತು. ಸೋಮವಾರ ಖುದ್ದು ವಿಚಾರಣೆ ಇದೆ, ಬೇಕಾದರೆ ಹೆಚ್ಚುವರಿ ಸಮಜಾಯಿಷಿ ಕೊಡಬಹುದು ಎಂದು ಅವನು ಹೇಳಿದ. ಫೋನ್ ಇಟ್ಟ ಮೇಲೂ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ಭಾನುವಾರ ಆಕೆ ಬಂದಳು. ಮುಖ ಬಿಳುಚಿತ್ತು. ನೋಟಿಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆ ಚೀಲವನ್ನು ಇನ್ನೊಂದು ಚೀಲದಲ್ಲಿಟ್ಟು ತಂದಿದ್ದಳು.

“ಕಾಕಾ, ನನ್ನ ತೆಗೀತಾರೇನ್ರಿ?”

“ಹಂಗೇನಿಲ್ಲವ್ವ,” ಎಂದೆ. ನನ್ನ ದನಿ ನನಗೇ ನಂಬಿಕೆಗೆ ಅರ್ಹವೆನಿಸಲಿಲ್ಲ. “ಮೊದ್ಲಿಂದ ಹೇಳು. ಈ ಸಲ ಕಥಿನೂ ಹೇಳು. ಪೆಟ್ಟಿಗಿ ಯಾಕ ತೆಗೀಲಿಲ್ಲ?”

“ಯಾಕಂದ್ರ ಮುಚ್ಚಳ ಮುಚ್ಚಿದ್ರ ತಂಪು ತಾಸುಗಟ್ಲೆ ನಿಂದರ್ತದ್ರಿ. ತೆಗದ್ರ ಹೋಗ್ತದ. ಲಸಿಕಿ ಎರಡರಿಂದ ಎಂಟು ಡಿಗ್ರಿ ಒಳಗ ಇರ್ಬೇಕು. ನಾಕಕ್ಕ ಹೊರಗಿನ ಮೀಟರ್ ಏಳು ತೋರಿಸ್ತು, ಏರಾಕತ್ತಿತ್ತು. ಟ್ರಾನ್ಸ್‌ಫಾರ್ಮರ್ ಸುಟ್ಟದ, ಇವತ್ತು ಕರೆಂಟ್ ಬರಂಗಿಲ್ಲ ಅಂತ ಲೈನ್‌ಮನ್ ಹೇಳಿದ. ಅದಕ್ಕ ತೆಗದ್ನಿ.”

“ಮತ್ತ ಅರ್ಧ ತಾಸು?”

“ಬರ್ಫದ ಪಾಕೀಟು ಫ್ರೀಜರ್‌ದಿಂದ ತೆಗದು ಹಂಗೇ ಇಡಬಾರ್ದ್ರಿ. ತಾಗಿದ ಲಸಿಕಿ ಹೆಪ್ಪುಗಟ್ಟಿ ಕೆಡ್ತಾವ. ಅಲುಗಾಡಿಸಿದ್ರ ಒಳಗ ನೀರಿನ ಸಪ್ಪಳ ಆಗೋತನಕ ಕಾದು, ಆಮ್ಯಾಲ ಲಸಿಕಿ ಒಯ್ಯೋ ಡಬ್ಬಿಗಿ ಹಾಕ್ಬೇಕು.”

ಡಾಕ್ಟರು ತರಬೇತಿಗೆ ಹೋಗಿದ್ದರು. ಕರೆಂಟಿನ ಜೊತೆ ಮೊಬೈಲ್ ಟವರ್ ಕೂಡ ಸತ್ತಿತ್ತು, ಹಾಗಾಗಿ ಅನುಮತಿ ಕೇಳಲು ಯಾರೂ ಸಿಗಲಿಲ್ಲ. ಆಂಬುಲೆನ್ಸ್ ಒಬ್ಬ ಬಾಣಂತಿಯನ್ನು ಕಲಬುರಗಿಗೆ ಒಯ್ದಿತ್ತು, ಹಾಗಾಗಿ ಟೆಂಪೋ. ಅವಳ ಪ್ರತಿ ಮಾತಿನಲ್ಲೂ ಒಂದು ‘ಯಾಕಂದ್ರ’ ಇತ್ತು, ಒಂದು ‘ಅದಕ್ಕ’ ಇತ್ತು. ನಾನು ಅವನ್ನು ಒಂದೊಂದಾಗಿ ಹೆಕ್ಕಿ ಕಸದ ಬುಟ್ಟಿಗೆ ಹಾಕಿ, ಉಳಿದ ಎಲುಬುಗಳಿಗೆ ಚುಕ್ಕೆ ಇಟ್ಟಿದ್ದೆ. ಅಂಶವಾರು ಉತ್ತರವೆಂದರೆ ಚುಕ್ಕೆಯೇ ಎಂದು ಯಾವ ನೋಟಿಸೂ ಹೇಳಿರಲಿಲ್ಲ.

“ಮರುದಿನ ಲಸಿಕಿ ಹಾಕಲಿಲ್ಲ, ಯಾಕ?”

“ತಾಲೂಕಿಂದ ವಾಪಸ್ ಬರೂದ್ರಾಗ ಮಧ್ಯಾಹ್ನ ಆತು.” ಕೈಯಲ್ಲಿದ್ದ ಚೀಲ ಮಡಿಚಿದಳು. “ಆದ್ರ ತಾಯಂದ್ರಿಗಿ ಬರಬ್ಯಾಡ್ರಿ ಅಂತ ಹೇಳಿ ಕಳಸ್ಬೇಕಿತ್ತು. ಬಿಸಲಾಗ ಕೂಸು ಕಟಗೊಂಡು ಬಂದು ಕುಂತಿದ್ರು. ಅದಕ್ಕೇನೂ ಕಾರಣ ಇಲ್ರಿ ಕಾಕಾ. ಮರತೆ.”

“ಅದನ್ನ ಬರೆಯೂದು ಬ್ಯಾಡ.”

“ಬರೀರಿ. ಉಳಿದದ್ದೆಲ್ಲಾ ನಂಬಬೇಕಂದ್ರ ಅದೂ ಇರ್ಲಿ.”

ಅಡುಗೆಮನೆಯಿಂದ ಹೆಂಡತಿ, “ಒಬ್ಬರಿಗರೇ ಬುದ್ಧಿ ಅದ,” ಎಂದಳು.

ಹೊಸ ಸಮಜಾಯಿಷಿಯಲ್ಲಿ ನಾಲ್ಕು ಕಂಡಿಕೆಗಳಿದ್ದವು. ನೋಟಿಸಿನ ಅಂಶಗಳ ಕ್ರಮವನ್ನೇ ಹಿಡಿದು ಕಂಡಿಕೆಗಳಿಗೆ ಅಂಕಿ ಕೊಟ್ಟೆ, ಆದರೆ ಪ್ರತಿಯೊಂದರ ಒಳಗೆ ವಾಕ್ಯಗಳು ಒಂದರ ಕೈ ಒಂದು ಹಿಡಿದು ನಡೆದವು: ಹೀಗಿತ್ತು, ಆದುದರಿಂದ ಹೀಗೆ ಮಾಡಿದೆ. ತಾಯಂದಿರ ವಿಷಯ ಮಾತ್ರ ‘ಆದುದರಿಂದ’ ಇಲ್ಲದ ಒಂದೇ ವಾಕ್ಯವಾಗಿ ಕೊನೆಯಲ್ಲಿ ನಿಂತಿತು. ಆ ಅರ್ಧ ಪುಟದ ಮಹಾವಾಕ್ಯವನ್ನು ಕಣ್ಣೀರಿಲ್ಲದೆ ಒಡೆದು ಪಟ್ಟಿ ಮಾಡಿದೆ. ಸಾಲಿಗೊಂದು ಲಸಿಕೆ, ಪಕ್ಕದಲ್ಲಿ ಬ್ಯಾಚ್ ನಂಬರು, ಕಳಿಸಿದ ಬಾಟಲಿ, ತಾಲೂಕಿನಲ್ಲಿ ಸ್ವೀಕರಿಸಿದ ಬಾಟಲಿ. ಅಲ್ಲಿ ವಾದ ಇರಲಿಲ್ಲ, ಎಣಿಸುವುದಷ್ಟೇ ಇತ್ತು. ಎಣಿಸಿದರೆ ಎರಡೂ ಕಡೆ ಒಂದೇ ಬರುತ್ತಿತ್ತು. ತಾಪಮಾನ ಬರೆದಿಟ್ಟ ಪುಸ್ತಕದ ಆ ದಿನದ ಹಾಳೆಯ ನಕಲನ್ನೂ ಜೋಡಿಸಿದೆವು.

ಸೋಮವಾರ ನಾನೂ ಅಫಜಲಪುರಕ್ಕೆ ಹೋದೆ. ಒಳಗೆ ಬಿಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು, ಮೂವತ್ತು ವರ್ಷ ನನ್ನ ಕೋಣೆಯ ಹೊರಗೆ ಕೂತವರು ಏನು ನೋಡುತ್ತಿದ್ದರೋ ಅದನ್ನೇ ನೋಡಿದೆ: ಒಂದು ಮುಚ್ಚಿದ ಬಾಗಿಲು, ಅದರ ಕೆಳಗಿನ ಬೆಳಕು. ಮೊದಲನೆಯ ಉತ್ತರವನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಕಡತದಲ್ಲಿ ಅದೂ ಇರುತ್ತದೆ. ಸಾಹೇಬರು ಯಾವುದನ್ನು ಮೊದಲು ತೆರೆಯುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಆಕೆ ಹೊರಬಂದಾಗ ಕೇಳಿದೆ, “ಏನಂದ್ರು?”

“ಓದಿದ್ರು. ಬಾಟಲಿ ಎಣಿಸಿದ್ರು. ಹೋಗು ಅಂದ್ರು.”

“ಅಷ್ಟೇ?”

“ಮೊದಲಿಂದು ಯಾರ್ ಬರದಾರ ಅಂತ ಕೇಳಿದ್ರು.”

“ನೀ ಏನಂದಿ?”

“ನಮ್ಮ ಓಣಿಯವ್ರು ಅಂದೆ. ಹೆಸರ ಹೇಳಲಿಲ್ಲ.”

ಆಳಂದದ ಬಸ್ಸಿನಲ್ಲಿ ಇಬ್ಬರ ಟಿಕೆಟನ್ನೂ ನಾನೇ ತೆಗೆಸಿದೆ.

ಒಂಬತ್ತು ದಿನದ ಮೇಲೆ ಆದೇಶ ಬಂತು. ತಾಯಂದಿರಿಗೆ ತಿಳಿಸದೆ ಇದ್ದುದಕ್ಕೆ ಲಿಖಿತ ಎಚ್ಚರಿಕೆ ಕೊಟ್ಟಿದ್ದರು. ಗುತ್ತಿಗೆಯನ್ನು ಒಂದು ವರ್ಷ ಮುಂದುವರಿಸಿದ್ದರು.