ಎರಡು ಆಂಟಿವೈರಸ್, ಒಂದು ವರ್ಗಾವಣೆ ಅರ್ಜಿ

ಇದನ್ನು ಮೊದಲ ಸಲ ಬರೆದಾಗ ತಪ್ಪೆಲ್ಲ ಮೇಲಧಿಕಾರಿಯದೇ ಆಗಿತ್ತು. ಓದಲು ಚೆನ್ನಾಗಿತ್ತು. ಹರಿದು ಹಾಕಿದೆ. ಎರಡನೆಯ ಆಂಟಿವೈರಸ್ ಹಾಕಿದವಳು ನಾನೇ.

ಕೊಚ್ಚಿಯಲ್ಲಿ ನಮ್ಮದೊಂದು ಸಣ್ಣ ಕೇಂದ್ರ ಸರ್ಕಾರಿ ಕಚೇರಿ. ತಿರುವನಂತಪುರದ ಮುಖ್ಯ ಕಚೇರಿ ಒಂದು ಆಂಟಿವೈರಸ್ ಕಡ್ಡಾಯ ಮಾಡಿತ್ತು. ಅದರ ಹಿಡಿತವೂ ಅಲ್ಲಿಯೇ. ಆಮೇಲೆ ಕೊಚ್ಚಿಯ ವಲಯ ಕಚೇರಿ ಬೇರೊಂದನ್ನು ಕಡ್ಡಾಯ ಮಾಡಿತು. ಯಾರೂ ಯಾರನ್ನೂ ಕೇಳಲಿಲ್ಲ. ತಪಾಸಣೆಯ ನಮೂನೆಯಲ್ಲಿ ಎರಡು ಚೌಕಗಳಿದ್ದವು, ಎರಡಕ್ಕೂ ಟಿಕ್ ಬೇಕಿತ್ತು. ಎರಡನೆಯದನ್ನು ಹಾಕುವಾಗ ಪರದೆ ಎಚ್ಚರಿಸಿತು: ಈಗಾಗಲೇ ಒಂದಿದೆ, ಮೊದಲು ಅದನ್ನು ತೆಗೆಯಿರಿ. ‘ಮುಂದುವರಿಸಿ’ ಒತ್ತಿದೆ. ಎಲ್ಲ ಕಂಪ್ಯೂಟರುಗಳಲ್ಲೂ ಒತ್ತಿದೆ.

ನನ್ನ ಗಂಡನ ಬ್ಯಾಂಕು ತಿರುವನಂತಪುರದ ತಂಪಾನೂರಿನಲ್ಲಿ. ನಾಲ್ಕು ವರ್ಷದಿಂದ ನಮ್ಮ ಸಂಸಾರ ಶನಿವಾರ, ಭಾನುವಾರಗಳದು. ಅವರಿರುವ ಊರಿಗೆ ವರ್ಗ ಕೇಳುವ ಅರ್ಜಿಗೆ ಅಂದು ಸಂಜೆ ಐದು ಕೊನೆ. ತಪ್ಪಿದರೆ ಮುಂದಿನ ವರ್ಷ. ಅರ್ಜಿಗೆ ಡಿಜಿಟಲ್ ಸಹಿ ಬೇಕು, ಸಹಿಗೆ ಹೊಸ ಸಾಫ್ಟ್‌ವೇರ್ ಬೇಕು, ಅರ್ಜಿಯ ಪುಟ ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತದೆ. ಸಾಫ್ಟ್‌ವೇರ್ ಮೂರು ಸಲ ಕೊನೆಯವರೆಗೆ ಹೋಗಿ, ಹಾಕಿದ್ದನ್ನೆಲ್ಲ ತಾನೇ ಅಳಿಸಿ ಹಿಂದಕ್ಕೆ ಬಂತು. ಗಂಟೆ ಮೂರು. ಮೂರೂವರೆ ಇರಬಹುದು, ಸಿಟ್ಟಿಗೆ ಗಡಿಯಾರ ನೆನಪಿರುವುದಿಲ್ಲ.

ತಿರುವನಂತಪುರದ ಸಹಾಯ ವಿಭಾಗಕ್ಕೆ ಫೋನ್ ಮಾಡಿದೆ. ನನ್ನ ಇಂಗ್ಲಿಷ್ ಕೇಳಿ ಅಲ್ಲಿನ ತಂತ್ರಜ್ಞ ಕನ್ನಡಕ್ಕೆ ಬಂದ. ಕಾಸರಗೋಡಿನವನು.

“ಆಂಟಿವೈರಸ್ ಎಷ್ಟುಂಟು ಮೇಡಂ?”

“ಎರಡು.”

“ಒಂದಕ್ಕೊಂದು ಕಾವಲಿಗೋ?”

“ತಮಾಷೆ ಬೇಡ ರೀ. ಎರಡಿದ್ರೆ ಏನಾಗತ್ತೆ ಹೇಳಿ.”

“ನೀವು ಒಂದು ಫೈಲ್ ತೆಗೀವಾಗ ಎರಡೂ ಅದನ್ನು ತಡೆದು ನೋಡ್ತವೆ. ಪ್ರತಿ ಸಲ ಡಬಲ್ ಕೆಲಸ. ನಿಧಾನ ಆಗದೆ ಎಂತ ಮಾಡ್ತದೆ? ಒಂದರ ಪಟ್ಟಿಯಲ್ಲಿ ವೈರಸ್ಸಿನ ಗುರುತುಗಳಿರ್ತವಲ್ಲ, ಕೆಲವು ಸಲ ಅದನ್ನೇ ವೈರಸ್ ಅಂತ ಇನ್ನೊಂದು ಹಿಡೀತದೆ.”

“ಈ ಸಾಫ್ಟ್‌ವೇರ್ ಯಾಕೆ ಕೂರಲ್ಲ?”

“ಅದು ಮೊದಲು ತನ್ನ ಫೈಲುಗಳನ್ನು ಬಿಚ್ಚಿ ಇಡ್ತದೆ. ಒಂದು ಆಂಟಿವೈರಸ್ ಬಿಟ್ಟ ಕೂಡ್ಲೇ ಇನ್ನೊಂದು ಹಿಡ್ಕೊಳ್ತದೆ. ಹಿಡಿದ ಫೈಲನ್ನು ಬದಲಾಯಿಸ್ಲಿಕ್ಕೆ ಆಗುದಿಲ್ಲ. ಆಗ ಅದು ಸೋತು ಎಲ್ಲ ವಾಪಸ್ ತೆಗೀತದೆ.”

“ಒಂದನ್ನ ಆಫ್ ಮಾಡಿದ್ರೆ?”

“ಆಫ್ ಅಂದ್ರೂ ಅದರ ಒಂದು ಭಾಗ ಒಳಗೆ ಕೂತಿರ್ತದೆ. ಪೂರ್ತಿ ತೆಗೀರಿ, ರೀಸ್ಟಾರ್ಟ್ ಮಾಡಿ. ನಮ್ಮದು ಅಲ್ಲಿಂದ ತೆಗೀಲಿಕ್ಕೆ ಬರುದಿಲ್ಲ, ಕೊಚ್ಚಿಯದ್ದು ತೆಗೀರಿ. ಒಂದು ಸಾಕು. ಎರಡು ಹಾಕ್ಲಿಕ್ಕೆ ಹೇಳಿದ್ದು ಯಾರು?”

ನೀವೇ, ನಿಮ್ಮಂಥವರೇ, ನಾನೇ. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ಕೊಚ್ಚಿಯದನ್ನು ತೆಗೆಯಲೇ ಎಂದು ಮೇಲಧಿಕಾರಿಯ ಮುಂದೆ ನಿಂತೆ. ಅವರು ಪರದೆಯಿಂದ ಕಣ್ಣು ತೆಗೆಯದೆ ಮಲಯಾಳಂನಲ್ಲಿ ಹೇಳಿದರು: “ಮೋಳೇ, ಮುಂದಿನ ವಾರ ತಪಾಸಣೆ. ಚೌಕ ಖಾಲಿ ಬಿಡೋಕಾಗಲ್ಲ.”

“ಅರ್ಜಿ ಇವತ್ತೇ ಕೊನೆ, ಸಾರ್.”

“ಗಂಡನಿಗೇ ಈ ಕಡೆ ಬರೋಕೆ ಹೇಳು.”

ಇದನ್ನು ಅವರು ನಗುತ್ತಾ ಹೇಳಿದರೋ ಇಲ್ಲವೋ ನೆನಪಿಲ್ಲ. ನಗದೆ ಹೇಳಿದರು ಎಂದೇ ಬರೆಯಲು ನನಗೆ ಇಷ್ಟ. ಮಗಳು ಎಂದು ಕರೆದ ಬಾಯಲ್ಲೇ ಹೇಳಿದರು, ಅದು ಮಾತ್ರ ಖಚಿತ.

ನನ್ನ ಸೀಟಿಗೆ ಬಂದು ಕೊಚ್ಚಿಯದನ್ನು ತೆಗೆದೆ. ಅದನ್ನು ಹಾಕಲು, ತೆಗೆಯಲು ಬೇಕಾದ ಪಾಸ್‌ವರ್ಡ್ ನಾನೇ ಇಟ್ಟದ್ದು. ರೀಸ್ಟಾರ್ಟ್ ಆಯಿತು. ಸಹಿಯ ಸಾಫ್ಟ್‌ವೇರ್ ಎರಡು ನಿಮಿಷದಲ್ಲಿ ಕೂತಿತು. ತಿಂಗಳುಗಟ್ಟಲೆ ಆ ನಿಧಾನವನ್ನು ಹಳೆಯ ಯಂತ್ರದ ಸ್ವಭಾವ ಎಂದುಕೊಂಡಿದ್ದೆವು. ಇಡೀ ಕಚೇರಿ ಅದಕ್ಕೆ ಹೊಂದಿಕೊಂಡು ಚಹಾ ಕುಡಿಯುತ್ತಿತ್ತು. ಸಹಿ ಮಾಡಿ ಅರ್ಜಿಯನ್ನು ಮೇಲಧಿಕಾರಿಗೆ ಕಳಿಸಿದೆ. ಐದರೊಳಗೆ ಅವರೂ ಸಹಿ ಹಾಕಿ ಮುಂದೆ ಕಳಿಸಬೇಕಿತ್ತು.

ನಾಲ್ಕೂಕಾಲಿಗೆ ಅವರ ಕೋಣೆಯಿಂದ ಕರೆ ಬಂತು. ಅವರ ಪರದೆಯಲ್ಲೂ ಅದೇ ಸಾಫ್ಟ್‌ವೇರ್ ಹಿಂದಕ್ಕೆ ಸರಿಯುತ್ತಿತ್ತು.

“ನಿನ್ನದರಲ್ಲಿ ಹೇಗಾಯ್ತು?”

“ಒಂದನ್ನ ತೆಗೆದೆ.”

“ಕೇಳದೆ?”

“ಕೇಳಿದ್ದೆ, ಸಾರ್. ನೀವು ತಪಾಸಣೆ ಅಂದ್ರಿ.”

ಅವರು ಇನ್ನೊಮ್ಮೆ ಪ್ರಯತ್ನಿಸಿದರು. ಹದಿನೈದು ನಿಮಿಷ ಹೋಯಿತು. ನಾನು ಕೂರಲಿಲ್ಲ, ಅವರು ಕೂರಲು ಹೇಳಲೂ ಇಲ್ಲ.

“ಹಾಗಾದ್ರೆ ಇಲ್ಲೂ ತೆಗಿ.”

“ನೀವೇ ತೆಗೀರಿ, ಸಾರ್. ಆಗದಿದ್ರೆ ಅರ್ಜಿ ಮೇಲೆ ಕಾರಣ ಬರೀರಿ, ಆಂಟಿವೈರಸ್ ಎರಡಿರಬೇಕು ಅಂತ.”

ಧೈರ್ಯವಲ್ಲ ಅದು. ಅವರು ಕಾರಣ ಬರೆಯಲಿಲ್ಲ. ಪಾಸ್‌ವರ್ಡ್ ಕೇಳಿದರು. ಒಂದೊಂದೇ ಅಕ್ಷರ ಹೇಳಿದೆ, ಒಂದೇ ಬೆರಳಿನಲ್ಲಿ ಒತ್ತಿದರು. ರೀಸ್ಟಾರ್ಟ್ ಆಗುವವರೆಗೆ ಇಬ್ಬರೂ ಕಪ್ಪು ಪರದೆಯನ್ನು ನೋಡಿದೆವು. ಐದಕ್ಕೆ ಎಂಟು ನಿಮಿಷ ಇರುವಾಗ ಅರ್ಜಿ ತಿರುವನಂತಪುರಕ್ಕೆ ಹೋಯಿತು.

“ನಾಳೆ ಬಂದು ಎರಡು ಕಂಪ್ಯೂಟರಿನಲ್ಲೂ ಮತ್ತೆ ಹಾಕಿಬಿಡು, ಮೋಳೇ,” ಎಂದರು.

“ಪಾಸ್‌ವರ್ಡ್ ಈಗ ನಿಮಗೂ ಗೊತ್ತಲ್ಲ, ಸಾರ್,” ಎಂದು ಚೀಲ ಎತ್ತಿಕೊಂಡೆ.