ಇವರ ಹೆಸರಿನಲ್ಲಿದ್ದ ಸ್ಕೂಟರ್

ನನ್ನ ಗಂಡ ಬಡಗಿ. ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಬಾಗಿಲು ಮಾಡಿಕೊಡುತ್ತಿದ್ದಾರೆ, ನಮ್ಮ ಬಚ್ಚಲಿನ ಬಾಗಿಲು ಮಾತ್ರ ಇವತ್ತಿಗೂ ಹಗ್ಗ ಕಟ್ಟಿಕೊಂಡು ನಿಂತಿದೆ. ಮಾತು ಕಮ್ಮಿ. ಮಾತು ಕಮ್ಮಿಯಿರುವ ಗಂಡಸನ್ನು ನಂಬಬೇಕೋ ಬೇಡವೋ ಎಂದು ಮದುವೆಯಾದಾಗಿನಿಂದ ಯೋಚಿಸುತ್ತಿದ್ದೇನೆ.

ಕೈಯಲ್ಲೇ ಹೆರೆದು ಹೆರೆದು ಇವರ ಭುಜ ಹಿಡಿದುಕೊಂಡಿತು. ಮರ ಹೆರೆಯುವ ಮಷೀನಿಗೆ ಸಾಲ ಕೇಳಿದರೆ ಬ್ಯಾಂಕಿನವರು ಆಗಲ್ಲ ಅಂದರು. ಇವರ ಕ್ರೆಡಿಟ್ ರಿಪೋರ್ಟಿನಲ್ಲಿ ಒಂದು ಸ್ಕೂಟರ್ ಸಾಲ ಇದೆಯಂತೆ, ಹನ್ನೊಂದು ಕಂತು ಬಾಕಿಯಂತೆ. ರಿಪೋರ್ಟ್ ತರಿಸಿ ನೋಡಿದೆ. ನಿಜ, ಸ್ಕೂಟರ್ ಇತ್ತು. ಜೊತೆಗೆ ನಾವು ಯಾವತ್ತೂ ವಾಸವಿರದ ಒಂದು ವಿಳಾಸ. ನಮ್ಮನೆಯಲ್ಲಿ ಇರುವುದು ಇವರ ಸೈಕಲ್ಲೊಂದೇ. ಹಾಗಾದರೆ ಆ ಸ್ಕೂಟರಿನ ಮೇಲೆ ಕೂರುವವಳು ಯಾರು?

"ನಂದಲ್ಲ ಕಣೇ," ಅಂದರು. ಅಷ್ಟೇ.

ಇವರಿಗೆ ಮಷೀನು ಬೇಕಿತ್ತು, ನನಗೆ ಅವಳು ಯಾರೆಂದು ತಿಳಿಯಬೇಕಿತ್ತು. ಕ್ರೆಡಿಟ್ ಬ್ಯೂರೋಗೆ ಆನ್‌ಲೈನಿನಲ್ಲಿ ತಕರಾರು ಹಾಕಿದ್ದು ನಾನೇ. ಬ್ಯೂರೋದವರು ತಾವಾಗಿ ಒಂದಕ್ಷರ ತಿದ್ದುವುದಿಲ್ಲ, ಸಾಲ ಕೊಟ್ಟ ಫೈನಾನ್ಸ್ ಕಂಪನಿಯನ್ನು ಕೇಳುತ್ತಾರೆ. ಮೂರು ವಾರಕ್ಕೆ ಉತ್ತರ ಬಂತು: ಮಾಹಿತಿ ಸರಿಯಿದೆ ಎಂದು ಕಂಪನಿ ತಿಳಿಸಿದೆ. ಎರಡು ದಿನ ನಾನು ಇವರ ಜೊತೆ ಮಾತು ಬಿಟ್ಟೆ. ಇವರಿಗೆ ಅದು ಗೊತ್ತಾಗಲೂ ಇಲ್ಲ.

ಮೂರನೇ ದಿನ ಇವರನ್ನು ಎಳೆದುಕೊಂಡು ಕಂಪನಿಯ ಬ್ರಾಂಚಿಗೇ ಹೋದೆ. ಬರೆದುಕೊಂಡು ಹೋದ ದೂರಿಗೆ ಗುರುತಿನ ಚೀಟಿಯ ನಕಲು ಲಗತ್ತಿಸಿ, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಂಡೆ. ಕಂಪ್ಯೂಟರ್ ನೋಡಿ ಹೇಳಬೇಡಿ, ಸಾಲದ ಮೂಲ ಅರ್ಜಿ ತೆಗೆಯಿರಿ ಎಂದು ಪಟ್ಟು ಹಿಡಿದೆ. ಅಲ್ಲಿನ ಮೇಡಂ ಅರ್ಜಿ ತರಿಸಿ ಫೋಟೋ ನೋಡಿದರು, ಇವರ ಮುಖ ನೋಡಿದರು, ಸಹಿ ಹೋಲಿಸಿದರು. ಅದೇ ಹೆಸರಿನ ಇನ್ನೊಬ್ಬ. ಇವರು ಹಿಂದೆ ಅದೇ ಕಂಪನಿಯಲ್ಲಿ ಗರಗಸಕ್ಕೆಂದು ಸಣ್ಣ ಸಾಲ ಮಾಡಿ ತೀರಿಸಿದ್ದರು. ಆ ಇನ್ನೊಬ್ಬ ಬಂದಾಗ ಯಾರೋ ಗುಮಾಸ್ತ ಪಟ್ಟಿಯಲ್ಲಿ ಇವರ ಹೆಸರು ಆರಿಸಿ, ಅವನ ಸಾಲವನ್ನು ಇವರಿಗೆ ಅಂಟಿಸಿದ್ದ.

ಫೋಟೋ ತೋರಿಸಿ ಅಂದೆ. ಬೇರೆಯವರದ್ದು ತೋರಿಸುವಂತಿಲ್ಲ ಅಂದರು. ನನ್ನ ಮುಖ ನೋಡಿ ಮೇಡಂಗೆ ಏನನ್ನಿಸಿತೋ, ದನಿ ತಗ್ಗಿಸಿದರು.

"ಸಂಶಯ ಬೇಡಮ್ಮ. ಆ ಮನುಷ್ಯ ತನ್ನ ಹೆಂಡತಿ ಕೆಲಸಕ್ಕೆ ಹೋಗಿ ಬರೋಕೆ ಅಂತ ತಗೊಂಡಿದ್ದು."

ಕಂಪನಿ ತಪ್ಪು ಒಪ್ಪಿ ಬ್ಯೂರೋಗೆ ಬರೆಯಿತು. ತಿಂಗಳೊಳಗೆ ಇವರ ರಿಪೋರ್ಟಿನಿಂದ ಸ್ಕೂಟರ್ ಹೋಯಿತು. ಬ್ಯಾಂಕಿಗೆ ಮತ್ತೆ ಅರ್ಜಿ ಹಾಕಿದೆವು, ಸಾಲ ಸಿಕ್ಕಿತು, ಮಷೀನೂ ಬಂತು. ಇವರು ಅದನ್ನು ದಿನಕ್ಕೆರಡು ಸಲ ಒರೆಸುತ್ತಾರೆ. ನಾನು ಎಂದಿನಂತೆ ಎರಡು ಬಸ್ಸು ಬದಲಿಸಿ, ನಿಂತುಕೊಂಡೇ ಗಾರ್ಮೆಂಟ್ಸಿಗೆ ಹೋಗುತ್ತೇನೆ.

ಮೊನ್ನೆ ಇವರೇ ಬಾಯಿಬಿಟ್ಟರು. "ಇನ್ನೂ ಯಾಕೇ ಮುಖ ಊದಿಸ್ಕೊಂಡಿದೀಯ? ಯಾವಳೂ ಇರ್ಲಿಲ್ಲ ಅಂತ ಗೊತ್ತಾಯ್ತಲ್ಲ."

"ಇದ್ದಾಳೆ ಕಣ್ರೀ," ಅಂದೆ. "ಅವಳಿಗೋಸ್ಕರ ಒಬ್ಬ ಸಾಲ ಮಾಡಿದ."